‘ಏಕಾದಶ ಜಿನೇ’: ಒಂದು ಸೂತ್ರ, ಎರಡು ವ್ಯಾಖ್ಯಾನ, ಒಂದು ಸ್ಕ್ರಿಪ್ಟ್

(ಸಾಕ್ಷ್ಯಚಿತ್ರಗಳಿಗೂ ಧ್ವನಿ ಕಾರ್ಯಕ್ರಮಗಳಿಗೂ ನಿರೂಪಣೆ ಬರೆಯುವವರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ.)

ಸಭಿಕರೆ,

ಜೈನರ ಎರಡು ಪಂಥಗಳ ನಡುವೆ ಶತಮಾನಗಳಿಂದ ನಡೆದುಬಂದ ವ್ಯಾಖ್ಯಾನಭೇದವೊಂದನ್ನು ಸ್ಕ್ರಿಪ್ಟಿಗೆ ತರುವುದು ಹೇಗೆ ಎಂಬುದನ್ನು ಇಂದು ಒಂದೇ ಒಂದು ಸೂತ್ರದ ಮೂಲಕ ವಿವರಿಸುತ್ತೇನೆ. ಅದು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದ 11ನೆಯ ಸೂತ್ರ: ‘ಏಕಾದಶ ಜಿನೇ’. ಇದರಲ್ಲಿರುವುದು ಎರಡೇ ಪದ. ‘ಜಿನನಲ್ಲಿ ಹನ್ನೊಂದು’ ಎಂಬುದಷ್ಟೇ ಅದರ ಅಕ್ಷರಾರ್ಥ. ಈ ಎರಡು ಪದಗಳ ಮೇಲೆ ದಿಗಂಬರ ಮತ್ತು ಶ್ವೇತಾಂಬರ ಆಚಾರ್ಯರು ಬರೆದಿರುವುದನ್ನೆಲ್ಲ ಒಟ್ಟುಗೂಡಿಸಿದರೆ ದೊಡ್ಡ ಸಂಪುಟವೇ ಆದೀತು.

ಈ ಸೂತ್ರವನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಪಂಥಭೇದದ ಬಗ್ಗೆ ಬರೆಯುವಾಗ ‘ಅವರ ಗ್ರಂಥ ಅವರಿಗೆ, ಇವರ ಗ್ರಂಥ ಇವರಿಗೆ’ ಎಂದು ಹೇಳಿ ಮುಂದೆ ಸಾಗುವುದು ಸುಲಭ. ಇಲ್ಲಿ ಆ ದಾರಿ ಇಲ್ಲ. ತತ್ತ್ವಾರ್ಥಸೂತ್ರವನ್ನು ಎರಡೂ ಪಂಥಗಳು ಪ್ರಮಾಣವೆಂದು ಒಪ್ಪುತ್ತವೆ. ದಿಗಂಬರ ಪಾಠದಲ್ಲಿ 357 ಸೂತ್ರಗಳೂ ಶ್ವೇತಾಂಬರ ಪಾಠದಲ್ಲಿ 344 ಸೂತ್ರಗಳೂ ಇವೆ, ಕೆಲವೆಡೆ ಪಾಠಾಂತರಗಳೂ ಇವೆ. ಆದರೆ ‘ಏಕಾದಶ ಜಿನೇ’ ಎಂಬ ಮಾತು ಎರಡರಲ್ಲೂ ಅಕ್ಷರಶಃ ಒಂದೇ. ಆದ್ದರಿಂದ ಭೇದ ಪಾಠದಲ್ಲಿಲ್ಲ, ಅದನ್ನು ಓದುವ ರೀತಿಯಲ್ಲಿದೆ. ಆ ಓದಿನ ಒಳಕ್ಕೆ ಕೇಳುಗರನ್ನು ಕರೆದೊಯ್ಯದ ಸ್ಕ್ರಿಪ್ಟ್ ಎಷ್ಟೇ ಸೌಮ್ಯವಾಗಿದ್ದರೂ ನ್ಯಾಯವಾದದ್ದು ಆಗಲಾರದು.

ಮೊದಲು ವಿಷಯವನ್ನು ತಿಳಿದುಕೊಳ್ಳೋಣ. ಮೋಕ್ಷಮಾರ್ಗದಿಂದ ಜಾರದಿರಲು ಮತ್ತು ಕರ್ಮಗಳನ್ನು ಕಳಚಿಕೊಳ್ಳಲು ಮುನಿಗಳು ಸಹಿಸಬೇಕಾದ ಕಷ್ಟಗಳಿಗೆ ಪರೀಷಹಗಳೆಂದು ಹೆಸರು. ಅವು ಇಪ್ಪತ್ತೆರಡು. ಯಾವ ಪರೀಷಹ ಯಾವ ಕರ್ಮದಿಂದ ಹುಟ್ಟುತ್ತದೆ ಎಂಬುದನ್ನು ಅದೇ ಅಧ್ಯಾಯದ 13ರಿಂದ 16ರವರೆಗಿನ ಸೂತ್ರಗಳು ಹೇಳುತ್ತವೆ. ಜ್ಞಾನಾವರಣ, ದರ್ಶನಮೋಹ, ಅಂತರಾಯ ಮತ್ತು ಚಾರಿತ್ರಮೋಹಗಳಿಗೆ ಸೇರಿದವನ್ನು ತೆಗೆದ ಮೇಲೆ ‘ವೇದನೀಯೇ ಶೇಷಾಃ’, ಅಂದರೆ ಉಳಿದವೆಲ್ಲ ಸುಖದುಃಖಗಳ ಅನುಭವ ತರುವ ವೇದನೀಯ ಕರ್ಮದಿಂದ ಬರುವಂಥವು ಎಂದಾಗುತ್ತದೆ. ಹಾಗೆ ಉಳಿಯುವವು ಹಸಿವು, ಬಾಯಾರಿಕೆ, ಚಳಿ, ಸೆಕೆ, ನೊಣಸೊಳ್ಳೆಗಳ ಕಾಟ, ನಡಿಗೆಯ ಆಯಾಸ, ಮಲಗುವ ನೆಲದ ಕಷ್ಟ, ಹೊಡೆತ, ರೋಗ, ಹುಲ್ಲುಮುಳ್ಳುಗಳ ಸ್ಪರ್ಶ ಮತ್ತು ಮೈಯ ಕೊಳೆ. ಎಣಿಸಿದರೆ ಹನ್ನೊಂದು. ‘ಏಕಾದಶ ಜಿನೇ’ ಎಂಬಲ್ಲಿನ ಹನ್ನೊಂದು ಇವೇ ಎಂಬುದರಲ್ಲಿ ಎರಡೂ ಕಡೆಯವರಿಗೆ ಸಂಶಯವಿಲ್ಲ.

ಪಟ್ಟಿಯ ಮೊದಲ ಹೆಸರೇ ಹಸಿವು. ಹಾಗಾದರೆ ಎಲ್ಲವನ್ನೂ ಅರಿಯುವ ಕೇವಲಜ್ಞಾನ ಪಡೆದು ಇನ್ನೂ ದೇಹದಲ್ಲಿರುವ ಕೇವಲಿ ಭಗವಂತರಿಗೆ ಹಸಿವಿದೆಯೆ, ಅವರು ಆಹಾರ ಸ್ವೀಕರಿಸುತ್ತಾರೆಯೆ? ಶ್ವೇತಾಂಬರರ ಉತ್ತರ ಹೌದು, ದಿಗಂಬರರ ಉತ್ತರ ಇಲ್ಲ. ಶಾಸ್ತ್ರಗ್ರಂಥಗಳು ಈ ಚರ್ಚೆಯನ್ನು ‘ಕೇವಲಿಭುಕ್ತಿ’ ಅಥವಾ ‘ಕವಲಾಹಾರ’, ಅಂದರೆ ತುತ್ತಿನ ಆಹಾರ, ಎಂಬ ಹೆಸರಿನಿಂದ ಗುರುತಿಸುತ್ತವೆ.

ಸ್ಕ್ರಿಪ್ಟಿನ ಮೊದಲ ಕೆಲಸವೆಂದರೆ ಎರಡು ದಾರಿಗಳು ಕವಲೊಡೆಯುವ ಸ್ಥಳವನ್ನು ನಿಖರವಾಗಿ ತೋರಿಸುವುದು. ಈ ಕೆಲಸದಲ್ಲಿ ಆತುರಪಟ್ಟರೆ ಮುಂದಿನದೆಲ್ಲ ಕೆಡುತ್ತದೆ. ‘ತೀರ್ಥಂಕರರು ಉಣ್ಣುತ್ತಿದ್ದರು ಎಂದು ಶ್ವೇತಾಂಬರರು ನಂಬುತ್ತಾರೆ, ಉಣ್ಣುತ್ತಿರಲಿಲ್ಲ ಎಂದು ದಿಗಂಬರರು ನಂಬುತ್ತಾರೆ’ ಎಂಬ ವಾಕ್ಯ ಚಿಕ್ಕದಾಗಿದೆ, ಸಮತೋಲನದಲ್ಲಿರುವಂತೆಯೂ ಕೇಳಿಸುತ್ತದೆ, ಆದರೆ ತಪ್ಪು. ಕೇವಲಜ್ಞಾನಕ್ಕೆ ಮೊದಲು ತೀರ್ಥಂಕರರು ಆಹಾರ ಸ್ವೀಕರಿಸಿದ್ದನ್ನು ದಿಗಂಬರರೂ ಒಪ್ಪುತ್ತಾರೆ. ದೀರ್ಘ ಉಪವಾಸದ ನಂತರ ಆದಿನಾಥರಿಗೆ ಶ್ರೇಯಾಂಸನು ಕಬ್ಬಿನ ಹಾಲನ್ನು ನೀಡಿದ ಪ್ರಸಂಗ ಎರಡೂ ಪರಂಪರೆಗಳಲ್ಲಿ ಪೂಜ್ಯವಾದದ್ದು, ಅಕ್ಷಯ ತೃತೀಯದ ಆಚರಣೆಯೂ ಅದರ ಸ್ಮರಣೆಯೇ. ಇನ್ನೊಂದು ತುದಿಯಲ್ಲಿ, ದೇಹವನ್ನೇ ಬಿಟ್ಟ ಸಿದ್ಧರಿಗೆ ಹಸಿವಿಲ್ಲ ಎಂಬುದನ್ನು ಶ್ವೇತಾಂಬರರೂ ಒಪ್ಪುತ್ತಾರೆ. ಭೇದವಿರುವುದು ಈ ಎರಡರ ನಡುವಿನ ಅವಧಿಯಲ್ಲಿ, ಆತ್ಮ ಮೇಲೇರುವ ಮೆಟ್ಟಿಲುಗಳಲ್ಲಿ ಹದಿಮೂರನೆಯ ಗುಣಸ್ಥಾನವಾದ ಸಯೋಗಕೇವಲಿಯ ಸ್ಥಿತಿಯಲ್ಲಿ ಮಾತ್ರ.

ಆ ಸ್ಥಿತಿಯ ಬಗ್ಗೆಯೂ ಬಹುಪಾಲು ಒಮ್ಮತವಿದೆ. ಎಂಟು ಮೂಲಕರ್ಮಗಳಲ್ಲಿ ಆತ್ಮಗುಣಗಳನ್ನು ಘಾತಿಸುವ ಜ್ಞಾನಾವರಣ, ದರ್ಶನಾವರಣ, ಮೋಹವನ್ನು ಹುಟ್ಟಿಸುವ ಮೋಹನೀಯ ಮತ್ತು ಅಂತರಾಯ ಎಂಬ ನಾಲ್ಕು ಕೇವಲಿಗಳಲ್ಲಿ ಪೂರ್ಣವಾಗಿ ನಾಶವಾಗಿವೆ. ವೇದನೀಯ, ಆಯು, ನಾಮ ಮತ್ತು ಗೋತ್ರ ಎಂಬ ನಾಲ್ಕು ಅಘಾತಿ ಕರ್ಮಗಳು ಉಳಿದಿವೆ. ಇಷ್ಟನ್ನು ಇಬ್ಬರೂ ಹೇಳುತ್ತಾರೆ. ಉಳಿಯುವುದು ಒಂದೇ ಪ್ರಶ್ನೆ: ಮೋಹನೀಯದ ನೆರವಿಲ್ಲದೆ ವೇದನೀಯವು ತನ್ನ ಕೆಲಸವನ್ನು ತಾನೇ ಮಾಡಬಲ್ಲುದೆ? ಮಾಡಬಲ್ಲುದು ಎಂದವರಿಗೆ ಕೇವಲಿಗಳಲ್ಲಿ ಹಸಿವುಂಟು, ಮಾಡಲಾರದು ಎಂದವರಿಗೆ ಇಲ್ಲ. ಹದಿನೈದು ನಿಮಿಷದ ನಿರೂಪಣೆಯಲ್ಲಿ ಈ ಪ್ರಶ್ನೆಯವರೆಗೆ ಬರಲು ನಾಲ್ಕು ನಿಮಿಷ ಹಿಡಿದರೂ ಅದು ಹೆಚ್ಚಲ್ಲ. ಕೇಳುಗರು ಈ ಪ್ರಶ್ನೆಯನ್ನು ತಮ್ಮದೇ ಎಂಬಂತೆ ಹಿಡಿದುಕೊಂಡರೆ, ಮುಂದೆ ಎರಡು ಉತ್ತರಗಳೂ ಅವರಿಗೆ ಉತ್ತರಗಳಾಗಿ ಕೇಳಿಸುತ್ತವೆ. ಹಾಗಾಗದಿದ್ದರೆ ಎರಡು ಗುಂಪುಗಳ ಹಟವಾಗಿ ಕೇಳಿಸುತ್ತವೆ.

ಈಗ ಸೂತ್ರಕ್ಕೆ ಬರೋಣ. ನಿರೂಪಕನ ಒಂದು ಕ್ರಿಯಾಪದ ಇಡೀ ಸ್ಕ್ರಿಪ್ಟನ್ನು ಒಂದು ಕಡೆಗೆ ವಾಲಿಸಬಲ್ಲ ಜಾಗ ಇದು.

ಶ್ವೇತಾಂಬರರು ಸೂತ್ರಕಾರರದ್ದೇ ಎಂದು ಮಾನ್ಯ ಮಾಡುವ ಭಾಷ್ಯದಲ್ಲಿ ಈ ಸೂತ್ರದ ವಿವರಣೆ ನೇರವಾಗಿದೆ: ವೇದನೀಯವನ್ನು ಆಶ್ರಯಿಸಿದ ಹನ್ನೊಂದು ಪರೀಷಹಗಳು ಜಿನನಲ್ಲಿ ಸಂಭವಿಸುತ್ತವೆ. ಆ ಭಾಷ್ಯ ಸೂತ್ರಕಾರರದ್ದು ಎಂಬುದನ್ನು ದಿಗಂಬರ ಪರಂಪರೆ ಒಪ್ಪುವುದಿಲ್ಲ. ಆ ಪರಂಪರೆಗೆ ಲಭ್ಯವಿರುವ ಅತ್ಯಂತ ಹಳೆಯ ಪೂರ್ಣ ವ್ಯಾಖ್ಯಾನ ಪೂಜ್ಯಪಾದ ದೇವನಂದಿಗಳ ಸರ್ವಾರ್ಥಸಿದ್ಧಿ. ಅಲ್ಲಿ ಪೂಜ್ಯಪಾದರು ಪ್ರಶ್ನೆಯನ್ನು ತಾವೇ ಎತ್ತುತ್ತಾರೆ: ಮೋಹನೀಯದ ಉದಯವೆಂಬ ನೆರವಿಲ್ಲದೆ ಹಸಿವು ಮುಂತಾದ ವೇದನೆಗಳೇ ಇಲ್ಲವೆಂದ ಮೇಲೆ ಅವನ್ನು ಪರೀಷಹ ಎಂದು ಕರೆಯುವುದು ಸರಿಯೆ? ಇದಕ್ಕೆ ಅವರು ಕೊಡುವ ಸಮಾಧಾನ ಎರಡು ಬಗೆಯದು. ಒಂದನೆಯದು, ವೇದನೆ ಇಲ್ಲದಿದ್ದರೂ ವೇದನೀಯವೆಂಬ ದ್ರವ್ಯಕರ್ಮ ಇರುವುದರಿಂದ ಉಪಚಾರವಾಗಿ, ಅಂದರೆ ಮುಖ್ಯಾರ್ಥದಲ್ಲಲ್ಲದೆ ಗೌಣಾರ್ಥದಲ್ಲಿ, ಪರೀಷಹ ಎಂದು ಹೇಳಿದೆ. ಇದಕ್ಕೆ ಅವರು ಕೊಡುವ ನಿದರ್ಶನವನ್ನು ಗಮನಿಸಬೇಕು. ಧ್ಯಾನವೆಂದರೆ ಚಿಂತೆಯನ್ನು ಒಂದೆಡೆ ನಿರೋಧಿಸುವುದು. ಎಲ್ಲವನ್ನೂ ಏಕಕಾಲದಲ್ಲಿ ಅರಿಯುವ ಕೇವಲಿಗೆ ನಿರೋಧಿಸಬೇಕಾದ ಚಿಂತೆಯೇ ಇಲ್ಲ, ಆದರೂ ಕರ್ಮ ಕಳಚುವ ನಿರ್ಜರೆ ಎಂಬ ಧ್ಯಾನಫಲ ಅವರಲ್ಲಿ ಇರುವುದರಿಂದ ಉಪಚಾರವಾಗಿ ಕೇವಲಿಗೆ ಧ್ಯಾನವನ್ನು ಹೇಳುತ್ತಾರೆ, ಇದೂ ಹಾಗೆಯೇ. ಎರಡನೆಯದು, ಸೂತ್ರಗಳು ವಾಕ್ಯಶೇಷವನ್ನು ಅಪೇಕ್ಷಿಸುವುದರಿಂದ ಇಲ್ಲಿ ‘ನ ಸಂತಿ’ ಎಂಬ ಶೇಷವನ್ನು ಕಲ್ಪಿಸಿಕೊಳ್ಳಬೇಕು, ಆಗ ‘ಜಿನನಲ್ಲಿ ಹನ್ನೊಂದು ಇಲ್ಲ’ ಎಂದು ಅರ್ಥವಾಗುತ್ತದೆ.

ಈ ಎರಡನೆಯ ಸಮಾಧಾನ ಸ್ಕ್ರಿಪ್ಟ್ ಬರೆಯುವವನಿಗೆ ಪರೀಕ್ಷೆಯಂತಿದೆ. ‘ಸೂತ್ರದಲ್ಲಿ ಇಲ್ಲದ “ಇಲ್ಲ” ಎಂಬ ಪದವನ್ನು ದಿಗಂಬರರು ಸೇರಿಸಿಕೊಂಡು ಅರ್ಥ ಮಾಡುತ್ತಾರೆ’ ಎಂದು ಬರೆದರೆ ಅದು ಸುಳ್ಳಲ್ಲ. ಆದರೆ ಆ ವಾಕ್ಯ ಕೇಳಿದ ಯಾರಿಗಾದರೂ ಇವರು ಮೂಲವನ್ನು ತಿರುಚಿದ್ದಾರೆ ಎಂದೇ ಅನ್ನಿಸುತ್ತದೆ. ನಿಜಸ್ಥಿತಿ ಏನೆಂದರೆ ‘ಏಕಾದಶ ಜಿನೇ’ ಎಂಬಲ್ಲಿ ಕ್ರಿಯಾಪದವೇ ಇಲ್ಲ. ಭಾಷ್ಯವು ‘ಸಂಭವಂತಿ’ ಎಂಬ ಕ್ರಿಯೆಯನ್ನು ಪೂರೈಸಿಕೊಂಡಿದೆ, ಸರ್ವಾರ್ಥಸಿದ್ಧಿ ‘ನ ಸಂತಿ’ ಎಂಬುದನ್ನು ಪೂರೈಸಿಕೊಂಡಿದೆ. ಸೂತ್ರವನ್ನು ಓದುವ ಯಾರೇ ಆದರೂ ಏನನ್ನಾದರೂ ಪೂರೈಸಿಕೊಳ್ಳಲೇಬೇಕು. ಹಾಗೆಂದು ಎರಡು ಪೂರಣಗಳೂ ಸಮಾನವಾಗಿ ಸಹಜ ಎಂದು ಬರೆದರೆ ಅದು ಇನ್ನೊಂದು ಕಡೆಗೆ ಅನ್ಯಾಯ. ಇರುವಿಕೆಯನ್ನು ಪೂರೈಸಿಕೊಳ್ಳುವುದು ಸಂಸ್ಕೃತ ಸೂತ್ರಗಳಲ್ಲಿ ದಿನನಿತ್ಯದ ಕ್ರಮ, ನಿಷೇಧವನ್ನು ಪೂರೈಸಿಕೊಳ್ಳಲು ವಿಶೇಷ ಕಾರಣ ಬೇಕು ಎಂಬುದು ಶ್ವೇತಾಂಬರರ ಬಲವಾದ ಆಕ್ಷೇಪ. ಆ ವಿಶೇಷ ಕಾರಣ ಮೋಹನೀಯದ ಅಭಾವವೇ ಎಂಬುದು ದಿಗಂಬರರ ಉತ್ತರ. ಈ ಭಾಗದ ನಿರೂಪಣೆ ನನ್ನ ಸ್ಕ್ರಿಪ್ಟಿನಲ್ಲಿ ಹೀಗಿದೆ:

“ಸೂತ್ರದಲ್ಲಿರುವುದು ಎರಡು ಪದಗಳು, ಕ್ರಿಯಾಪದವಿಲ್ಲ. ಓದುವವರು ಅದನ್ನು ಪೂರೈಸಿಕೊಳ್ಳಬೇಕು. ಭಾಷ್ಯದ ಪ್ರಕಾರ ಆ ಹನ್ನೊಂದು ಜಿನರಲ್ಲಿ ಸಂಭವಿಸುತ್ತವೆ. ಅಕ್ಷರಕ್ಕೆ ಹತ್ತಿರವಾದ ಓದು ಇದೇ ಎಂಬುದು ಶ್ವೇತಾಂಬರ ಆಚಾರ್ಯರ ಅಭಿಪ್ರಾಯ. ಪೂಜ್ಯಪಾದರ ಪ್ರಕಾರ ಕರ್ಮ ಉಳಿದಿರುವುದರಿಂದ ಆ ಹೆಸರನ್ನು ಉಪಚಾರವಾಗಿ ಹೇಳಿದೆ, ಅಥವಾ ಆ ಹನ್ನೊಂದು ಜಿನರಲ್ಲಿ ಇಲ್ಲ ಎಂದೇ ವಾಕ್ಯವನ್ನು ಪೂರೈಸಿಕೊಳ್ಳಬೇಕು. ಮೋಹವೇ ಇಲ್ಲದವರ ಬಗ್ಗೆ ಶಾಸ್ತ್ರದ ಉಳಿದ ಮಾತುಗಳಿಗೆ ಹೊಂದುವ ಓದು ಇದೇ ಎಂಬುದು ದಿಗಂಬರ ಆಚಾರ್ಯರ ಅಭಿಪ್ರಾಯ.”

ಇಲ್ಲಿ ಎರಡೂ ಕಡೆಗೆ ಒಂದೇ ಅಳತೆಯ ಮಾತುಗಳನ್ನು ಬಳಸಿದೆ. ‘ಪ್ರಕಾರ’ ಎರಡು ಸಲ ಬಂದಿದೆ, ‘ಅಭಿಪ್ರಾಯ’ ಎರಡು ಸಲ ಬಂದಿದೆ. ಕೇಳುವುದಕ್ಕೆ ಸ್ವಲ್ಪ ಏಕತಾನ ಎನ್ನಿಸಬಹುದು. ಭಾಷೆಯ ವೈವಿಧ್ಯಕ್ಕಾಗಿ ಒಬ್ಬರಿಗೆ ‘ವಿವರಿಸುತ್ತಾರೆ’ ಎಂದೂ ಇನ್ನೊಬ್ಬರಿಗೆ ‘ವಾದಿಸುತ್ತಾರೆ’ ಎಂದೂ ಬರೆದರೆ, ಮೊದಲನೆಯವರು ತಿಳಿದವರಾಗಿಯೂ ಎರಡನೆಯವರು ಜಗಳಗಂಟರಾಗಿಯೂ ಕೇಳಿಸುತ್ತಾರೆ. ಇಂಥ ಕಡೆ ಏಕತಾನವೇ ಮೇಲು.

ಮುಂದಿನದು ತರ್ಕದ ಭಾಗ. ಪ್ರತಿ ಪಕ್ಷವನ್ನೂ ಆ ಪಕ್ಷದವರೇ ಹೇಳಿರುವ ಅತ್ಯಂತ ಸಮರ್ಥವಾದ ಮಾತಿನಲ್ಲಿ ಹೇಳಬೇಕು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಅದನ್ನು ಪಾಲಿಸಬೇಕಾದರೆ ಆ ಮಾತು ಎಲ್ಲಿದೆ ಎಂದು ಹುಡುಕಿ ಓದಬೇಕು. ಒಂದು ಪಕ್ಷವನ್ನು ಅದರ ಎದುರಾಳಿಯ ಖಂಡನಗ್ರಂಥದಿಂದ ಎತ್ತಿಕೊಳ್ಳುವುದು ನಮ್ಮಲ್ಲಿ ಹೆಚ್ಚಾಗಿ ನಡೆಯುತ್ತದೆ, ಏಕೆಂದರೆ ಖಂಡನಗ್ರಂಥದಲ್ಲಿ ಪೂರ್ವಪಕ್ಷ ಅಚ್ಚುಕಟ್ಟಾಗಿ ಸಿಗುತ್ತದೆ. ಆದರೆ ಖಂಡಿಸುವವನು ತನ್ನ ಉತ್ತರಕ್ಕೆ ಅನುಕೂಲವಾಗುವಂತೆಯೇ ಪೂರ್ವಪಕ್ಷವನ್ನು ಜೋಡಿಸಿರುತ್ತಾನೆ.

ಕೇವಲಿಭುಕ್ತಿಯ ಪರವಾಗಿ ಅತ್ಯಂತ ಬಿಗಿಯಾದ ತರ್ಕವನ್ನು ಕೊಟ್ಟವರು ಶ್ವೇತಾಂಬರರಲ್ಲ ಎಂಬುದು ಈ ವಿಷಯದ ಬಹಳ ಸ್ವಾರಸ್ಯವಾದ ಸಂಗತಿ. ಅವರು ಕರ್ನಾಟಕದಲ್ಲಿ ನೆಲೆಗೊಂಡಿದ್ದ ಯಾಪನೀಯ ಸಂಘದ ಶಾಕಟಾಯನಾಚಾರ್ಯರು. ಅವರಿಗೆ ಪಾಲ್ಯಕೀರ್ತಿ ಎಂಬ ಹೆಸರೂ ಇದೆ. ತಮ್ಮ ವ್ಯಾಕರಣಕ್ಕೆ ತಾವೇ ಬರೆದ ವೃತ್ತಿಗೆ ರಾಷ್ಟ್ರಕೂಟ ಅಮೋಘವರ್ಷನ ಹೆಸರಿನಿಂದ ಅಮೋಘವೃತ್ತಿ ಎಂದು ಹೆಸರಿಟ್ಟವರು ಅವರು, ಅಂದರೆ ಒಂಬತ್ತನೆಯ ಶತಮಾನದವರು. ಯಾಪನೀಯ ಮುನಿಗಳು ದಿಗಂಬರ ಮುನಿಗಳಂತೆ ನಗ್ನರಾಗಿರುತ್ತಿದ್ದರು, ಆದರೆ ಕೇವಲಿಭುಕ್ತಿ ಮತ್ತು ಸ್ತ್ರೀಯರಿಗೆ ಮೋಕ್ಷವುಂಟೆಂಬ ಸ್ತ್ರೀಮುಕ್ತಿಗಳ ವಿಷಯದಲ್ಲಿ ಶ್ವೇತಾಂಬರರ ನಿಲುವಿಗೆ ಸೇರಿದ್ದರು. ಶಾಕಟಾಯನರ ಕೇವಲಿಭುಕ್ತಿ ಪ್ರಕರಣ ಚಿಕ್ಕ ಗ್ರಂಥ. ಅದರಿಂದ ಎರಡು ವಾದಗಳನ್ನು ಆರಿಸಿಕೊಂಡರೆ ಸ್ಕ್ರಿಪ್ಟಿಗೆ ಸಾಕು.

ಮೊದಲನೆಯದು: ಆಹಾರಕ್ಕೆ ಬೇಕಾದ ಕಾರಣಗಳೆಲ್ಲ, ಅಂದರೆ ದೇಹ, ಜಠರಾಗ್ನಿ, ವೇದನೀಯ ಕರ್ಮ ಮತ್ತು ದೀರ್ಘವಾದ ಆಯುಷ್ಯ, ಕೇವಲಿಗಳಲ್ಲಿ ಮೊದಲಿನಂತೆಯೇ ಇವೆ. ಎಣ್ಣೆ ತೀರಿದರೆ ದೀಪ ನಿಲ್ಲದಂತೆ, ಹೊಸ ನೀರು ಬಾರದೆ ಹೊಳೆ ಹರಿಯದಂತೆ, ಆಹಾರವಿಲ್ಲದೆ ಶರೀರ ನಿಲ್ಲದು. ಎರಡನೆಯದು ಇನ್ನೂ ಸೂಕ್ಷ್ಮವಾದದ್ದು. ಹಸಿವು ಮೋಹದ ಒಂದು ರೂಪವಾಗಿದ್ದರೆ ಪ್ರತಿಪಕ್ಷ ಭಾವನೆಯಿಂದ ಅದು ತಗ್ಗಬೇಕಾಗಿತ್ತು. ಕ್ರೋಧ ಕ್ಷಮೆಯ ಭಾವನೆಯಿಂದ ತಗ್ಗುತ್ತದೆ, ಹಸಿವು ಯಾವ ಭಾವನೆಯಿಂದಲೂ ತಗ್ಗುವುದಿಲ್ಲ. ಆದ್ದರಿಂದ ಹಸಿವು ಮೋಹವಲ್ಲ, ಮೋಹ ಹೋದೊಡನೆ ಹಸಿವೂ ಹೋಗಬೇಕೆಂಬ ನಿಯಮವಿಲ್ಲ.

ದಿಗಂಬರ ಪಕ್ಷಕ್ಕೆ ಅಕಲಂಕರ ರಾಜವಾರ್ತಿಕದಲ್ಲಿ ಬರುವ ನಿದರ್ಶನಕ್ಕಿಂತ ಸ್ಪಷ್ಟವಾದುದನ್ನು ನಾನು ಕಂಡಿಲ್ಲ. ಮಂತ್ರದ ಅಥವಾ ಔಷಧಿಯ ಬಲದಿಂದ ಕೊಲ್ಲುವ ಶಕ್ತಿ ಕುಂದಿದ ವಿಷ ದ್ರವ್ಯವಾಗಿ ಇದ್ದೇ ಇರುತ್ತದೆ, ಸೇವಿಸಿದರೂ ಅದು ಕೊಲ್ಲುವುದಿಲ್ಲ. ಹಾಗೆಯೇ ಘಾತಿಕರ್ಮಗಳು ನಾಶವಾದ ಮೇಲೆ ವೇದನೀಯ ಕರ್ಮ ಇದ್ದರೂ ವೇದನೆಯನ್ನು ಹುಟ್ಟಿಸಲಾರದು. ಇದರ ಜೊತೆಗೆ ಆಪ್ತನ, ಅಂದರೆ ಪ್ರಮಾಣವೆಂದು ನಂಬಬಹುದಾದ ಸರ್ವಜ್ಞನ, ಲಕ್ಷಣದ ಪ್ರಶ್ನೆಯಿದೆ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲಿ ಆಪ್ತನಲ್ಲಿ ಇರಬಾರದ ದೋಷಗಳ ಪಟ್ಟಿ ಹಸಿವು ಬಾಯಾರಿಕೆಗಳಿಂದಲೇ ಆರಂಭವಾಗುತ್ತದೆ. ಹಸಿವು ಒಂದು ಪೀಡೆ, ಅನಂತಸುಖವುಳ್ಳವರಲ್ಲಿ ಪೀಡೆಗೆ ಎಡೆಯಿಲ್ಲ. ಇನ್ನು ದೇಹ ನಿಲ್ಲುವುದು ಹೇಗೆ ಎಂಬ ಶಾಕಟಾಯನರ ಪ್ರಶ್ನೆಗೆ ದಿಗಂಬರರ ಉತ್ತರ ಸಿದ್ಧವಾಗಿದೆ: ಕೇವಲಿಗಳ ಶರೀರ ಪರಮೌದಾರಿಕ, ಅಂದರೆ ಅತ್ಯಂತ ಶುದ್ಧವಾದದ್ದು, ದೇಹಕ್ಕೆ ಬೇಕಾದ ನೋಕರ್ಮ ಪುದ್ಗಲಗಳೆಂಬ ಸೂಕ್ಷ್ಮ ಕಣಗಳು ಪ್ರತಿಕ್ಷಣ ಬಂದು ಸೇರುತ್ತಿರುತ್ತವೆ. ತುತ್ತಿನ ಆಹಾರವೊಂದೇ ಆಹಾರವಲ್ಲ. ಇದಕ್ಕಾಗಿಯೇ ಅವರು ನಿರಾಕರಿಸುವುದನ್ನು ಬರಿದೆ ಆಹಾರ ಎನ್ನದೆ ಕವಲಾಹಾರ ಎನ್ನುತ್ತಾರೆ. ಸ್ಕ್ರಿಪ್ಟಿನಲ್ಲಿ ‘ಕೇವಲಿಗಳು ಆಹಾರವಿಲ್ಲದೆ ಬದುಕುತ್ತಾರೆ ಎಂದು ದಿಗಂಬರರು ಹೇಳುತ್ತಾರೆ’ ಎಂದು ಬರೆದವರು ದಿಗಂಬರ ನಿಲುವನ್ನು ಅದರ ಉತ್ತರದ ಅರ್ಧವನ್ನು ಕತ್ತರಿಸಿ ತೋರಿಸಿದಂತಾಗುತ್ತದೆ.

ಶ್ವೇತಾಂಬರರ ಕಡೆಯಲ್ಲೂ ಹೀಗೆ ಕತ್ತರಿಸಬಾರದ ಅರ್ಧವೊಂದಿದೆ. ಅವರ ಕೇವಲಿ ನಮ್ಮ ನಿಮ್ಮಂತೆ ಹಸಿದು ಬಳಲುವವರು ಎಂಬ ಚಿತ್ರ ಕೇಳುಗರ ಮನಸ್ಸಿನಲ್ಲಿ ಮೂಡಬಾರದು. ತೀರ್ಥಂಕರರ ಮೂವತ್ತನಾಲ್ಕು ಅತಿಶಯಗಳನ್ನು ಹೇಳುವಾಗ ಅವರ ಆಹಾರವೂ ಮಲವಿಸರ್ಜನೆಯೂ ಚರ್ಮಚಕ್ಷುಗಳಿಗೆ ಕಾಣಿಸವು ಎಂದು ಶ್ವೇತಾಂಬರ ಆಗಮವಾದ ಸಮವಾಯಾಂಗ ಹೇಳುತ್ತದೆ. ಆಪ್ತನಲ್ಲಿ ಇರಬಾರದ ಹದಿನೆಂಟು ದೋಷಗಳನ್ನು ಅವರೂ ಎಣಿಸುತ್ತಾರೆ, ಹೇಮಚಂದ್ರರು ಕೊಡುವ ಪಟ್ಟಿಯಲ್ಲಿ ಅಂತರಾಯಗಳು, ರಾಗ, ದ್ವೇಷ, ಅಜ್ಞಾನ, ನಿದ್ರೆ ಮುಂತಾದವು ಇವೆ, ಹಸಿವಿಲ್ಲ. ಇಚ್ಛೆಯಿಲ್ಲದೆ ತುತ್ತೆತ್ತುವುದು ಹೇಗೆ ಎಂಬ ಆಕ್ಷೇಪಕ್ಕೆ, ಇಚ್ಛೆಯಿಲ್ಲದೆ ಕೇವಲಿಗಳು ವಿಹಾರ ಮಾಡುವುದನ್ನೂ ಧರ್ಮೋಪದೇಶ ನೀಡುವುದನ್ನೂ ನೀವೂ ಒಪ್ಪುತ್ತೀರಲ್ಲ ಎಂಬುದು ಅವರ ಮರುಪ್ರಶ್ನೆ. ಯಾವ ಬಾಧೆಯೂ ಇಲ್ಲದ ಸುಖ ವೇದನೀಯ ಕರ್ಮವೂ ಕ್ಷಯವಾದ ಮೇಲೆ, ಅಂದರೆ ಸಿದ್ಧರಾದ ಮೇಲೆ ಎಂಬುದು ಅವರ ಲೆಕ್ಕ.

ಇಷ್ಟು ಹೇಳಿದ ಮೇಲೆ ಯಾವುದನ್ನು ಬಿಡಬೇಕು ಎಂಬ ಪ್ರಶ್ನೆ ಬರುತ್ತದೆ. ನಾನು ಬಿಟ್ಟ ಮೂರು ಸಂಗತಿಗಳನ್ನು ಹೇಳುತ್ತೇನೆ, ಏಕೆಂದರೆ ಮೂರೂ ಸ್ಕ್ರಿಪ್ಟಿಗೆ ರಂಗು ತರುವಂಥವು.

ವಿರೋಧಿ ಗೋಶಾಲಕನು ಪ್ರಯೋಗಿಸಿದ ತೇಜೋಲೇಶ್ಯೆ ಎಂಬ ತಪಶ್ಶಕ್ತಿಯ ತಾಪದಿಂದ ಅಸ್ವಸ್ಥರಾದ ಮಹಾವೀರರಿಗೆ ಶಿಷ್ಯ ಸಿಂಹಮುನಿಯು ರೇವತಿ ಎಂಬ ಶ್ರಾವಕಿಯ ಮನೆಯಿಂದ ಆಹಾರ ತಂದುಕೊಟ್ಟನೆಂದೂ ಅದರಿಂದ ಅವರು ಗುಣಹೊಂದಿದರೆಂದೂ ಶ್ವೇತಾಂಬರರ ಭಗವತೀಸೂತ್ರದ ಹದಿನೈದನೆಯ ಶತಕದಲ್ಲಿದೆ. ಕೇವಲಿಭುಕ್ತಿಗೆ ಶ್ವೇತಾಂಬರರು ಕೊಡುವ ಆಗಮಪ್ರಮಾಣಗಳಲ್ಲಿ ಇದೂ ಒಂದು. ಆದರೆ ಆ ಆಹಾರಕ್ಕೆ ಅಲ್ಲಿ ಬಳಸಿರುವ ಪ್ರಾಕೃತ ಪದಗಳ ಅರ್ಥವೇನು ಎಂಬುದು ಇನ್ನೊಂದು ದೊಡ್ಡ ವಿವಾದ, ಬಹಳ ಜನರ ಮನಸ್ಸನ್ನು ನೋಯಿಸಿರುವ ವಿವಾದ. ಕಥೆಯನ್ನು ವಿವರವಾಗಿ ತಂದರೆ ಆ ವಿವಾದವೂ ಹಿಂದೆಯೇ ಬರುತ್ತದೆ, ಹಿಡಿದ ಪ್ರಶ್ನೆ ಕೈತಪ್ಪುತ್ತದೆ. ಆಗಮದಲ್ಲಿ ಮಹಾವೀರರು ಕೇವಲಜ್ಞಾನದ ನಂತರವೂ ಆಹಾರ ಸ್ವೀಕರಿಸಿದ ಪ್ರಸಂಗವಿದೆ ಎಂದೂ, ಆ ಆಗಮಗಳನ್ನು ದಿಗಂಬರರು ಪ್ರಮಾಣವಾಗಿ ಸ್ವೀಕರಿಸುವುದಿಲ್ಲ ಎಂದೂ ಒಂದು ವಾಕ್ಯದಲ್ಲಿ ಹೇಳಿದೆ.

ಗುಜರಾತಿನ ಪಾಟಣದಲ್ಲಿ ಸಿದ್ಧರಾಜ ಜಯಸಿಂಹನ ಆಸ್ಥಾನದಲ್ಲಿ ಶ್ವೇತಾಂಬರ ವಾದಿದೇವಸೂರಿಗಳಿಗೂ ದಿಗಂಬರ ಕುಮುದಚಂದ್ರರಿಗೂ ನಡೆದ ವಾದವನ್ನೂ ಬಿಟ್ಟೆ. ನಾಟಕೀಯವಾದ ಪ್ರಸಂಗ ಅದು, ಅದರ ಮೇಲೆ ಸಂಸ್ಕೃತದಲ್ಲಿ ನಾಟಕವೇ ಇದೆ. ಆದರೆ ಅಲ್ಲಿನ ಮುಖ್ಯ ಚರ್ಚೆ ಸ್ತ್ರೀಮುಕ್ತಿಯದು, ಮತ್ತು ಅದರ ವಿವರಗಳು ನಮಗೆ ಬಂದಿರುವುದು ಗೆದ್ದೆವೆಂದು ಹೇಳುವ ಶ್ವೇತಾಂಬರ ಪಕ್ಷದ ಗ್ರಂಥಗಳಿಂದ. ಸೋಲುಗೆಲುವಿನ ಕಥೆ ಬಂದೊಡನೆ ಕೇಳುಗರು ತರ್ಕವನ್ನು ಬಿಟ್ಟು ಫಲಿತಾಂಶವನ್ನು ಹಿಡಿದುಕೊಳ್ಳುತ್ತಾರೆ.

ಮೂರನೆಯದಾಗಿ, ಆಹಾರವಿಲ್ಲದೆ ದೇಹ ಎಷ್ಟು ದಿನ ಬಾಳೀತು ಎಂದು ವೈದ್ಯರನ್ನು ಕೇಳಿ ಆ ಮಾತನ್ನು ನಡುವೆ ಸೇರಿಸುವ ಸಲಹೆ ಬಂದಿತ್ತು. ಎರಡೂ ಪಂಥಗಳು ಕೇವಲಿಯ ದೇಹವನ್ನು ಸಾಮಾನ್ಯ ದೇಹವೆಂದು ಹೇಳುತ್ತಿಲ್ಲವಾದ್ದರಿಂದ ವೈದ್ಯರ ಮಾತು ಇಲ್ಲಿನ ಪ್ರಶ್ನೆಗೆ ಉತ್ತರವಲ್ಲ. ವಿಜ್ಞಾನದ ಹೆಸರಿನಲ್ಲಿ ಒಂದು ಪಕ್ಷದ ಕಡೆಗೆ ತಕ್ಕಡಿಯನ್ನು ತಗ್ಗಿಸಿದಂತೆ ಮಾತ್ರ ಆಗುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಎಚ್ಚರಿಕೆ ಬೇಕು. ಪಂಪ, ಪೊನ್ನ, ರನ್ನರಿಂದ ನಮಗೆ ಬಂದ ಜೈನ ಸಾಹಿತ್ಯ ದಿಗಂಬರ ಪರಂಪರೆಯದು. ಶ್ರವಣಬೆಳಗೊಳವೂ ಮೂಡುಬಿದಿರೆಯೂ ಕಾರ್ಕಳವೂ ಅದೇ ಪರಂಪರೆಯವು. ಹೀಗಾಗಿ ಕನ್ನಡದಲ್ಲಿ ‘ಜೈನರ ಪ್ರಕಾರ’ ಎಂದು ಬರೆಯುವ ಕೈ ತನಗೇ ತಿಳಿಯದೆ ದಿಗಂಬರರ ಪ್ರಕಾರ ಎಂದು ಬರೆದಿರುತ್ತದೆ. ಗ್ರಂಥಕರ್ತರ ಹೆಸರಿನಿಂದಲೇ ಇದು ಆರಂಭವಾಗುತ್ತದೆ: ಶ್ವೇತಾಂಬರರಿಗೆ ಅವರು ಉಮಾಸ್ವಾತಿ, ದಿಗಂಬರರಲ್ಲಿ ಉಮಾಸ್ವಾಮಿ, ಗೃಧ್ರಪಿಂಛಾಚಾರ್ಯ ಎಂಬ ಹೆಸರುಗಳೂ ಬಳಕೆಯಲ್ಲಿವೆ. ಆರಂಭದಲ್ಲಿ ಮೂರನ್ನೂ ಹೇಳಿ, ಮುಂದೆ ‘ಸೂತ್ರಕಾರರು’ ಎಂದು ನಡೆಸಿದರೆ ತೊಡಕಿಲ್ಲ. ಗೌರವವಾಚಕದ ವಿಷಯ ಇನ್ನೂ ನವಿರಾದದ್ದು. ‘ಪೂಜ್ಯಪಾದರು ಹೇಳುತ್ತಾರೆ’ ಎಂದು ಬರೆದ ಲೇಖನಿ ಎರಡು ವಾಕ್ಯಗಳ ನಂತರ ‘ಶಾಕಟಾಯನನು ಹೇಳುತ್ತಾನೆ’ ಎಂದು ಬರೆದುಬಿಡುತ್ತದೆ, ಏಕೆಂದರೆ ಮೊದಲನೆಯ ಹೆಸರು ನಮಗೆ ಗುರುಪರಂಪರೆಯಿಂದ ಪರಿಚಿತ, ಎರಡನೆಯದು ಪಠ್ಯಪುಸ್ತಕದಿಂದ. ಧ್ವನಿಮುದ್ರಣಕ್ಕೆ ಮುನ್ನ ಸ್ಕ್ರಿಪ್ಟಿನ ಎಲ್ಲ ಸರ್ವನಾಮಗಳನ್ನೂ ಕ್ರಿಯಾಪದಗಳ ಕೊನೆಗಳನ್ನೂ ಈ ಒಂದೇ ದೃಷ್ಟಿಯಿಂದ ತಿದ್ದಬೇಕು. ಶೀರ್ಷಿಕೆಯ ಬಗ್ಗೆಯೂ ಇದೇ ಮಾತು. ‘ಕೇವಲಿ ಊಟ ಮಾಡುತ್ತಾನೆಯೆ?’ ಎಂಬುದು ಎರಡೂ ಕಡೆಯವರಿಗೆ ಅಗೌರವವಾಗಿ ಕೇಳುತ್ತದೆ. ‘ಕೇವಲಿಗಳಿಗೆ ಕವಲಾಹಾರ ಉಂಟೆ?’ ಎಂದರೆ ಅದು ಇಬ್ಬರ ಶಾಸ್ತ್ರಗಳೂ ಕೇಳಿಕೊಂಡಿರುವ ಪ್ರಶ್ನೆಯೇ ಆಗುತ್ತದೆ.

ಚಿತ್ರಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಒಂದು ಪಕ್ಷದ ಮಾತಿಗೆ ತಾಳೆಗರಿಯ ಹಸ್ತಪ್ರತಿಯನ್ನೂ ಇನ್ನೊಂದು ಪಕ್ಷದ ಮಾತಿಗೆ ಉತ್ಸವದ ಜನಜಂಗುಳಿಯನ್ನೂ ತೋರಿಸಿದರೆ ನೋಡುವವರು ಯಾವುದನ್ನು ವಿದ್ವತ್ತೆಂದು ತಿಳಿಯುತ್ತಾರೆ ಎಂಬುದು ಸ್ಪಷ್ಟವಾಗಿದೆ.

ಹಿನ್ನೆಲೆಗೆ ಒಂದು ಐತಿಹಾಸಿಕ ತುಣುಕು ಬೇಕೆಂದಾಗ ನಾನು ಕದಂಬರ ತಾಮ್ರಶಾಸನಗಳ ಕಡೆಗೆ ಹೋದೆ. ಐದನೆಯ ಶತಮಾನದ ಮೃಗೇಶವರ್ಮನ ದೇವಗಿರಿ ಶಾಸನದಲ್ಲಿ ಕಾಲವಂಗ ಎಂಬ ಊರನ್ನು ಮೂರು ಪಾಲು ಮಾಡಿ ಒಂದನ್ನು ಅರ್ಹತ್ತರ ಆಲಯಕ್ಕೆ, ಒಂದನ್ನು ಶ್ವೇತಪಟ ಮಹಾಶ್ರಮಣಸಂಘಕ್ಕೆ, ಇನ್ನೊಂದನ್ನು ದಿಗಂಬರರಾದ ನಿರ್ಗ್ರಂಥ ಮಹಾಶ್ರಮಣಸಂಘಕ್ಕೆ ಕೊಟ್ಟದ್ದಿದೆ. ಅವನದೇ ಹಲಸಿ ಶಾಸನದಲ್ಲಿ ಯಾಪನೀಯರು, ನಿರ್ಗ್ರಂಥರು, ಕೂರ್ಚಕರು ಎಂಬ ಮೂರು ಜೈನ ಸಂಘದವರೂ ದಾನ ಪಡೆದಿದ್ದಾರೆ. ಕೇವಲಿಭುಕ್ತಿಯ ಪ್ರಶ್ನೆಯಲ್ಲಿ ಬೇರೆ ಬೇರೆ ನಿಲುವಿನ ಸಂಘಗಳು ಬನವಾಸಿಯ ಸೀಮೆಯಲ್ಲಿ ಒಂದೇ ಅರಸನಿಂದ ಒಂದೇ ಊರಿನ ಭೂಮಿಯನ್ನು ಪಡೆದಿದ್ದವು ಎಂಬುದು ಇದರಿಂದ ತಿಳಿಯುತ್ತದೆ. ಅವರು ಪರಸ್ಪರ ಸ್ನೇಹದಿಂದಿದ್ದರು ಎಂದು ಶಾಸನ ಹೇಳುವುದಿಲ್ಲ, ಆದ್ದರಿಂದ ಸ್ಕ್ರಿಪ್ಟೂ ಹೇಳಬಾರದು. ಯಾಪನೀಯರನ್ನು ‘ಎರಡು ಪಂಥಗಳನ್ನು ಬೆಸೆದವರು’ ಎಂದು ಕೊಂಡಾಡುವುದನ್ನೂ ನಾನು ಬಿಟ್ಟಿದ್ದೇನೆ. ಈ ಸೂತ್ರದ ವಿಷಯದಲ್ಲಿ ಅವರು ಮಧ್ಯಸ್ಥರಲ್ಲ, ಒಂದು ಪಕ್ಷದ ಪ್ರಬಲ ವಕ್ತಾರರು.

ಕರಡು ಸಿದ್ಧವಾದ ಮೇಲೆ ಎರಡೂ ಪರಂಪರೆಗಳ ಬಲ್ಲವರಿಗೆ ಅದನ್ನು ಓದಲು ಕೊಡಬೇಕು. ಹಾಗೆ ಕೊಡುವಾಗ ‘ಇದರಲ್ಲಿ ತಪ್ಪಿದೆಯೆ?’ ಎಂದು ಕೇಳಿದರೆ ಉಪಯೋಗ ಕಡಿಮೆ, ಏಕೆಂದರೆ ಸಜ್ಜನರು ಸಣ್ಣಪುಟ್ಟದ್ದನ್ನು ಬಿಟ್ಟುಬಿಡುತ್ತಾರೆ. ‘ನಿಮ್ಮ ಪಕ್ಷವನ್ನು ನೀವೇ ಹೇಳುವುದಾದರೆ ಈ ವಾಕ್ಯವನ್ನು ಹೀಗೆಯೇ ಹೇಳುತ್ತಿದ್ದಿರಾ?’ ಎಂದು ವಾಕ್ಯ ವಾಕ್ಯಕ್ಕೂ ಕೇಳಬೇಕು. ನನ್ನ ಕರಡಿನಲ್ಲಿ ‘ಅನಂತಸುಖಕ್ಕೆ ಹಸಿವು ಅಡ್ಡಿಯಲ್ಲ ಎಂದು ಶ್ವೇತಾಂಬರರು ಭಾವಿಸುತ್ತಾರೆ’ ಎಂಬ ವಾಕ್ಯವನ್ನು ನೋಡಿದ ಶ್ವೇತಾಂಬರ ವಿದ್ವಾಂಸರೊಬ್ಬರು, ನಾವು ಹೀಗೆ ಹೇಳುವುದಿಲ್ಲ, ಬಾಧೆಯೇ ಇಲ್ಲದ ಸುಖ ಕೇವಲಿಗೆ ಇನ್ನೂ ಬಂದಿಲ್ಲ ಎನ್ನುತ್ತೇವೆ ಎಂದರು. ವಾಕ್ಯ ಬದಲಾಯಿತು, ತರ್ಕವೂ ಗಟ್ಟಿಯಾಯಿತು. ದಿಗಂಬರ ಪಂಡಿತರೊಬ್ಬರು ಸರ್ವಾರ್ಥಸಿದ್ಧಿಯ ಎರಡು ಸಮಾಧಾನಗಳಲ್ಲಿ ಉಪಚಾರದ ಮಾತು ಮೊದಲು ಬರಬೇಕೆಂದರು, ಗ್ರಂಥದಲ್ಲಿಯೂ ಅದೇ ಕ್ರಮ ಇದೆ. ಹಾಗಿಟ್ಟಾಗ ‘ನ ಸಂತಿ’ ಎಂಬುದು ಏಕಾಏಕಿ ತಂದಿಟ್ಟ ಮಾತಿನಂತೆ ಕೇಳಿಸುವುದಿಲ್ಲ. ಇಬ್ಬರಿಗೂ ಎದುರು ಪಕ್ಷದ ಭಾಗವನ್ನೂ ತೋರಿಸಿದೆ. ಅದನ್ನು ಅವರು ಒಪ್ಪಬೇಕಾಗಿಲ್ಲ. ಅದನ್ನು ಓದಿದ ಮೇಲೆ ಉತ್ತರ ಕೊಡಬೇಕು ಎಂದು ಅವರಿಗೆ ಅನ್ನಿಸಿದರೆ ಆ ಭಾಗ ಸರಿಯಾಗಿದೆ ಎಂದು ತಿಳಿಯಬಹುದು. ಇಷ್ಟೇನಾ ಅವರ ವಾದ ಎಂದು ಸುಮ್ಮನಾದರೆ ಮತ್ತೆ ಬರೆಯಬೇಕು.

ಕೊನೆಯ ಮಾತು ಯಾರದಾಗಿರಬೇಕು ಎಂಬುದನ್ನು ಸಮಯ ಹಂಚಿ ಬಗೆಹರಿಸಲಾಗದು. ಎಂಟು ನಿಮಿಷ ಮಾತಾಡಿದವರಿಗಿಂತ ಕೊನೆಯ ಅರ್ಧ ನಿಮಿಷ ಮಾತಾಡಿದವರು ನೆನಪಿನಲ್ಲಿ ಉಳಿಯುತ್ತಾರೆ. ಸೂತ್ರದ ಭಾಗದಲ್ಲಿ ಶ್ವೇತಾಂಬರ ಓದು ಮೊದಲು ಬಂದದ್ದರಿಂದ ತರ್ಕದ ಭಾಗದಲ್ಲಿ ದಿಗಂಬರ ಪಕ್ಷವನ್ನು ಮೊದಲು ಇಟ್ಟು, ಶ್ವೇತಾಂಬರ ಮತ್ತು ಯಾಪನೀಯ ಉತ್ತರವನ್ನು ನಂತರ ತಂದಿದ್ದೇನೆ. ಅದಾದ ಮೇಲೆ ಪರಮೌದಾರಿಕ ಶರೀರದ ಮಾತೂ ಬಾಧೆಯಿಲ್ಲದ ಸುಖದ ಮಾತೂ ಒಂದರ ಹಿಂದೆ ಒಂದು ಬರುತ್ತವೆ. ಕೊನೆಯ ವಾಕ್ಯ ಇಬ್ಬರೂ ಒಪ್ಪುವಂಥದ್ದು: ಆಯುಕರ್ಮ ತೀರಿದಾಗ ವೇದನೀಯವೂ ತೀರುತ್ತದೆ, ದೇಹವಿಲ್ಲದ ಸಿದ್ಧರ ವಿಷಯದಲ್ಲಿ ಈ ಪ್ರಶ್ನೆ ಎರಡು ಪಂಥಗಳಲ್ಲಿಯೂ ಏಳುವುದಿಲ್ಲ. ಅಲ್ಲಿಗೆ ನಿರೂಪಣೆ ಮುಗಿಯುತ್ತದೆ. ‘ನಿಮಗೆ ಯಾವುದು ಸರಿ ಎನ್ನಿಸುತ್ತದೆ?’ ಎಂದು ಕೇಳುಗರನ್ನು ಕೇಳುವ ವಾಕ್ಯವನ್ನು ಕೊನೆಯಲ್ಲಿ ಸೇರಿಸಿಲ್ಲ.